ಹಸಿರು ಬಳಿದ ಶುಕ್ರವಾರ

ಹಸಿ ಬಣ್ಣದ ವಾಸನೆ ಬಂದರೆ ಸಂಯೋಜಕಿಗೆ ಈಗಲೂ ಬಾಲ್ಯದ ಬಾಡಿಗೆ ಮನೆಯ ಮಾಲೀಕನೇ ನೆನಪಾಗುತ್ತಿದ್ದ. ಗೋಡೆ ಸೋರುತ್ತದೆಂದು ಅಮ್ಮ ದೂರಿದಾಗಲೆಲ್ಲ ಆ ಪುಣ್ಯಾತ್ಮ ಒಂದು ಡಬ್ಬ ಬಣ್ಣ ತಂದು ಬಳಿದು ಹೋಗುತ್ತಿದ್ದ. ವಾಸನೆ ಆರುವುದರೊಳಗೆ ತೇವ ಮತ್ತೆ ಮೂಡುತ್ತಿತ್ತು. ಆಸ್ಪತ್ರೆಯ ಹೊಸ ಕಟ್ಟಡದ ತುಂಬ ಈಗ ಅದೇ ವಾಸನೆ. ಸೋಮವಾರ ಅದರ ಉದ್ಘಾಟನೆ, ಅಂದೇ ಡಯಾಲಿಸಿಸ್ ವಿಭಾಗ ಅಲ್ಲಿಗೆ ಹೋಗುವುದೆಂದು ನಿಶ್ಚಯವಾಗಿತ್ತು.

ಸ್ಥಳಾಂತರದ ಕೆಲಸ ಎಲ್ಲಿಗೆ ಬಂತೆಂದು ಶುಕ್ರವಾರ ಶುಕ್ರವಾರ ನಿರ್ದೇಶಕರಿಗೆ, ವಿಭಾಗಗಳ ಮುಖ್ಯಸ್ಥರಿಗೆ ಒಂದು ಇಮೇಲ್ ಹೋಗುತ್ತಿತ್ತು. ಬರೆಯುವವಳು ಸಂಯೋಜಕಿ, ಕಳಿಸುವವರು ಮ್ಯಾನೇಜರ್. ಒಂದು ಕೆಲಸಕ್ಕೆ ಒಂದು ಸಾಲು, ಸಾಲಿನ ತಲೆಗೊಂದು ಚುಕ್ಕೆ. ಹೇಳಿದ ದಿನಕ್ಕೆ ಆಗುವುದಾದರೆ ಹಸಿರು. ತೊಡಕಿದೆ, ನಾವೇ ಸರಿಮಾಡಿಕೊಳ್ಳುತ್ತೇವೆ ಎಂದರೆ ಹಳದಿ. ಮೇಲಿನವರು ತೀರ್ಮಾನ ಕೊಡದೆ ಮುಂದೆ ಹೋಗಲಾಗದು ಎಂದರೆ ಕೆಂಪು. ಲಿಫ್ಟ್ ಮೇಲೆ ತಲುಪುವಷ್ಟರಲ್ಲಿ ಓದಿದವರಿಗೆ ಎಲ್ಲ ತಿಳಿಯಬೇಕು.

ಮ್ಯಾನೇಜರಿಗೆ ಬೆನ್ನ ಹಿಂದೆ ಹಸಿರು ಸಾಹೇಬರೆಂದು ಹೆಸರು. ಅವರ ಮಟ್ಟಿಗೆ ಕೆಂಪು ಎಂದರೆ ಕೆಲಸದ ಸ್ಥಿತಿಯಲ್ಲ, ತಮಗೆ ಯಾರೋ ಮಾಡಿದ ಅವಮಾನ.

ಒಮ್ಮೆ ಲಿಫ್ಟಿನಲ್ಲಿ ನಿರ್ದೇಶಕರು ಫೋನನ್ನು ತಮ್ಮ ಡ್ರೈವರಿನತ್ತ ತಿರುಗಿಸಿ, "ಇದು ಯಾವ ಬಣ್ಣಪ್ಪಾ?" ಎಂದು ಮೆಲ್ಲಗೆ ಕೇಳಿದ್ದನ್ನು ಸಂಯೋಜಕಿ ನೋಡಿದ್ದಳು. ಡ್ರೈವರ್ ಅತ್ತಿತ್ತ ನೋಡದೆ, ಗಂಟೆ ಎಷ್ಟೆಂದು ಹೇಳುವವನ ಹಾಗೆ, "ಹಳದಿ ಸಾರ್" ಎಂದಿದ್ದ. ಅವಳು ಯಾರಿಗೂ ಹೇಳಲಿಲ್ಲ. ಮುಂದಿನ ವಾರದಿಂದ ಚುಕ್ಕೆಯ ಪಕ್ಕದಲ್ಲಿ ಬಣ್ಣದ ಹೆಸರನ್ನೂ ಬರೆಯತೊಡಗಿದಳು.

"ಹಸಿರಿನ ಪಕ್ಕ ಹಸಿರು ಅಂತ ಬರೀಬೇಕೇನ್ರೀ?" ಎಂದು ಸಾಹೇಬರು ನಕ್ಕಿದ್ದರು. "ಓದೋರೇನು ಅಂಗನವಾಡಿ ಮಕ್ಕಳಾ?"

ಈ ಶುಕ್ರವಾರ ಬೆಳಿಗ್ಗೆ ಡಯಾಲಿಸಿಸ್ ನರ್ಸ್ ಅವಳ ಮೇಜಿನ ಬಳಿ ಬಂದು ನಿಂತಳು.

"ಅಕ್ಕಾ, ನಿನ್ನೆ ಹೊಸ ಕಟ್ಟಡದಲ್ಲಿ ಪರೀಕ್ಷೆಗೆ ಅಂತ ಕರೆಂಟ್ ತೆಗೆದ್ರು. ಜನರೇಟರ್ ತಾನಾಗೇ ಶುರು ಆಗ್ಲೇ ಇಲ್ಲ."

"ಆದ್ರೆ ಮೆಷಿನ್‌ಗಳಲ್ಲಿ ಬ್ಯಾಟರಿ ಇರುತ್ತಲ್ಲ?"

"ಸ್ವಲ್ಪ ಹೊತ್ತಿಗೆ ಇರುತ್ತೆ. ಆಮೇಲೆ ಪಂಪನ್ನ ಕೈಯಲ್ಲಿ ತಿರುಗಿಸಿ ರಕ್ತನ ರೋಗಿ ಮೈಗೆ ವಾಪಸ್ ಕಳಿಸ್ಬೇಕು. ಹತ್ತು ಹಾಸಿಗೆ, ನಾವು ಮೂರು ಜನ. ಯಾರನ್ನ ಬಿಡ್ಲಿ ಹೇಳಿ."

ಸಂಯೋಜಕಿ ಚುಕ್ಕೆಯನ್ನು ಕೆಂಪು ಮಾಡಿದಳು. ಪಕ್ಕದಲ್ಲಿ ಬರೆದಳು: "ಕೆಂಪು. ಜನರೇಟರ್ ಪರೀಕ್ಷೆ ವಿಫಲ. ಸ್ಥಳಾಂತರ ಮುಂದೂಡಲು ನಿರ್ದೇಶಕರ ಒಪ್ಪಿಗೆ ಇಂದೇ ಬೇಕು."

ಜನರೇಟರಿನ ಸುದ್ದಿ ಆಗಲೇ ಕಿವಿಗೆ ಬಿದ್ದಿದ್ದ ಸಾಹೇಬರು ಪರದೆಯ ಮೇಲಿನ ಚುಕ್ಕೆ ನೋಡಿ ಮುಖ ಕಿವುಚಿದರು. "ಉದ್ಘಾಟನೆಗೆ ಮೂರು ದಿನ ಇರುವಾಗ ಇದೇನ್ರೀ ಅಪಶಕುನ? ಹಸಿರು ಮಾಡಿ. ಎರಡು ದಿನದಲ್ಲಿ ರಿಪೇರಿ ಆಗುತ್ತೆ."

"ಬಿಡಿಭಾಗ ಬರೋದೇ ಮುಂದಿನ ವಾರ ಸಾರ್."

"ನಿಮಗೆ ಒಳ್ಳೇದು ಯೋಚನೆ ಮಾಡೋ ಅಭ್ಯಾಸಾನೇ ಇಲ್ಲ ನೋಡಿ."

"ನಾನು ಹಸಿರು ಮಾಡಲ್ಲ ಸಾರ್."

"ನೀವ್ಯಾಕೆ ಮಾಡ್ಬೇಕು, ನನಗೆ ಕೈಯಿಲ್ವಾ?"

ಕೈ ಇತ್ತು. ಆ ಕೈಯಿಂದಲೇ ಚುಕ್ಕೆಗೆ ಹಸಿರು ಬಳಿದು ಕಳಿಸಿಬಿಟ್ಟರು. ಚುಕ್ಕೆಯನ್ನು ಬಿಟ್ಟು ಮುಂದಕ್ಕೆ ಓದುವ ಅಭ್ಯಾಸ ಅವರಿಗೆ ಇರಲಿಲ್ಲ. ಹಾಗಾಗಿ "ಕೆಂಪು" ಎಂಬ ಮಾತು, ಅದರ ಮುಂದಿನ ಎರಡು ವಾಕ್ಯ, ಎಲ್ಲವೂ ಇದ್ದಲ್ಲೇ ಇದ್ದವು. ತನ್ನ ಇಮೇಲ್ ಪೆಟ್ಟಿಗೆಗೆ ಬಂದ ಪ್ರತಿಯಲ್ಲಿ ಸಂಯೋಜಕಿ ಅದನ್ನು ಕಂಡಳು, ಬಾಯಿ ಬಿಡಲಿಲ್ಲ. ಬಿಟ್ಟರೆ ಅದಕ್ಕೂ ಬಣ್ಣ ಬೀಳುತ್ತಿತ್ತು.

ಆಮೇಲೆ ಅಭಿನಂದನೆಗಳ ಸುರಿಮಳೆ. ಲೆಕ್ಕಪತ್ರದ ಮುಖ್ಯಸ್ಥರು ಹೆಬ್ಬೆರಳೆತ್ತಿದ ಚಿತ್ರ ಕಳಿಸಿದರು. ಔಷಧ ವಿಭಾಗದವರು "ಅದ್ಭುತ ತಂಡ" ಎಂದರು. ಕುರಿ ಹಿಂದೆ ಕುರಿ ಹೋದ ಹಾಗೆ ಒಬ್ಬೊಬ್ಬರೂ ಎಲ್ಲರಿಗೂ ಉತ್ತರಿಸಿದರು. ಅಷ್ಟು ಜನ ವಿದ್ಯಾವಂತರಲ್ಲಿ ಚುಕ್ಕೆಯ ಪಕ್ಕಕ್ಕೆ ಕಣ್ಣು ಹಾಯಿಸಿದವರು ಒಬ್ಬರೂ ಇರಲಿಲ್ಲ.

ಸ್ವಲ್ಪ ಹೊತ್ತಿಗೆ ನಿರ್ದೇಶಕರು ತಾವೇ ಕೆಳಗಿಳಿದು ಬಂದರು.

"ಜನರೇಟರ್ ಕೆಂಪು ಅಂತಿದೆ. ಒಪ್ಪಿಗೆ ಇವತ್ತೇ ಬೇಕು ಅಂತನೂ ಇದೆ. ಒಂದು ಫೋನ್ ಮಾಡಬಾರದಿತ್ತಾ?"

ಸಾಹೇಬರು ಅಗಲವಾಗಿ ನಕ್ಕರು. "ಇಲ್ಲ ಸಾರ್, ಸರಿಯಾಗಿ ನೋಡಿ. ಚುಕ್ಕೆ ಅಚ್ಚ ಹಸಿರು."

"ನನಗೆ ಹಸಿರು, ಕೆಂಪು ಎರಡೂ ಒಂದೇ ತರ ಕಾಣುತ್ತೆ ಕಣ್ರೀ, ಹುಟ್ಟಿದಾಗಿನಿಂದ. ನಾನು ಓದೋದು ಪಕ್ಕದ ಮಾತನ್ನ." ನಿರ್ದೇಶಕರು ಫೋನನ್ನು ಮೇಜಿನ ಮೇಲಿಟ್ಟರು. "ಚುಕ್ಕೆ ಹಸಿರು, ಮಾತು ಕೆಂಪು. ಯಾವುದನ್ನ ನಂಬಲಿ?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಸಾಹೇಬರ ಕೈ ಮೌಸಿನ ಮೇಲಿಂದ ತಟ್ಟನೆ ಕೆಳಗಿಳಿಯಿತು. "ಅದು... ಇವರು ಬರೆದದ್ದು ಸಾರ್," ಎಂದು ಸಂಯೋಜಕಿಯತ್ತ ಗಲ್ಲ ಎತ್ತಿದರು.

"ಹೌದು ಸಾರ್, ಮಾತು ನಂದೇ," ಎಂದಳು ಅವಳು. ಚುಕ್ಕೆ ಯಾರದೆಂದು ಯಾರೂ ಕೇಳಲಿಲ್ಲ. ಅಂಗೈ ಹುಣ್ಣಿಗೆ ಕನ್ನಡಿ ಬೇಕಿರಲಿಲ್ಲ.

ಜನರೇಟರ್ ಸರಿಯಾಗಿ ಮತ್ತೊಮ್ಮೆ ಪರೀಕ್ಷೆ ಆಗುವತನಕ ಒಬ್ಬ ರೋಗಿಯೂ ಹಳೆಯ ವಾರ್ಡು ಬಿಟ್ಟು ಕದಲಬಾರದೆಂದು ನಿರ್ದೇಶಕರು ಹೇಳಿ ಹೋದರು. ಅವರು ಕಣ್ಮರೆಯಾದ ಮೇಲೆ ಸಾಹೇಬರು, "ಎಲ್ಲರಿಗೂ ತಿದ್ದುಪಡಿ ಕಳಿಸಿ. ತಪ್ಪು ತಾಂತ್ರಿಕ ಅಂತ ಹಾಕಿ," ಎಂದು ಗೊಣಗಿ, ತಾವು ಊಟಕ್ಕೆ ಎದ್ದರು.

ಅವಳು ತಾಂತ್ರಿಕ ಎಂದು ಹಾಕಲಿಲ್ಲ. "ಹಿಂದಿನ ಪತ್ರದಲ್ಲಿ ಚುಕ್ಕೆ ತಪ್ಪು, ಮಾತು ಸರಿ" ಎಂದಷ್ಟೇ ಬರೆದಳು. ಆಮೇಲೆ ಹೆಬ್ಬೆರಳೆತ್ತಿದವರೆಲ್ಲ ಒಬ್ಬೊಬ್ಬರಾಗಿ ಫೋನು ಮಾಡಿ, ತಮಗೆ ಮೊದಲೇ ಅನುಮಾನವಿತ್ತೆಂದು ಹೇಳಿಕೊಂಡರು. ಅಷ್ಟನ್ನೂ ಕೇಳಿ ಮುಗಿಸುವಷ್ಟರಲ್ಲಿ ಕ್ಯಾಂಟೀನ್ ಮುಚ್ಚಿತ್ತು.

ಮತ್ತೆ ಫೋನು ಹೊಡೆದುಕೊಂಡಿತು. ಅವಳು ಎತ್ತಿ "ಹ್ಞೂಂ ಸಾರ್" ಎನ್ನುತ್ತಿರುವಾಗ ನರ್ಸ್ ಸದ್ದಿಲ್ಲದೆ ಒಳಗೆ ಬಂದಳು. ಕಾಗದಗಳನ್ನು ಬದಿಗೆ ಸರಿಸಿ ತನ್ನ ಊಟದ ಡಬ್ಬಿ ಇಟ್ಟಳು, ಮುಚ್ಚಳ ತೆಗೆದು ಚಮಚವನ್ನು ಅವಳ ಕೈಗೆ ಕೊಟ್ಟಳು.