ಒಬ್ಬ ಮಾನ್ಯ ಸದಸ್ಯರು

ಗಗನಳ ಲೇಖನದಲ್ಲಿ ಅಂಬುಜಾ ಮೇಡಂ ಒಂದೇ ಒಂದು ಹೆಸರಿನ ಕೆಳಗೆ ಗೆರೆ ಎಳೆದಿದ್ದರು, ಅದೂ ಪೆನ್ಸಿಲಿನಲ್ಲಿ. ವಿದ್ಯಾರ್ಥಿಗಳ ಬರಹದ ಮೇಲೆ ಅವರು ಯಾವತ್ತೂ ಕೆಂಪು ಶಾಯಿ ಹರಿಸಿದವರಲ್ಲ.

"ಮರಿಸ್ವಾಮಿಯವರು ಹೇಳಿದರು ಅಂತ ಬರೆದಿದ್ದೀಯ. ಸದನದ ನಡವಳಿಯಲ್ಲಿ ಹಾಗಿದೆಯೇನಮ್ಮ?"

ಇರಲಿಲ್ಲ. ವಿಧಾನಸಭೆಗೆ ಮೊದಲ ಸಲ ಆರಿಸಿ ಬಂದ ಹಳ್ಳಿಯವರು ಸದನದಲ್ಲಿ ಏನು ಮಾತಾಡಿದರು ಎಂಬುದು ಲೇಖನದ ವಿಷಯ. ಎಂಬತ್ತರ ದಶಕದ ಕೆರೆಗಳ ಚರ್ಚೆಯಲ್ಲಿ ಮಂತ್ರಿಗಳ ಮಾತಿನ ನಡುವೆ ಒಂದು ಸಾಲು ಅಚ್ಚಾಗಿತ್ತು: "ಒಬ್ಬ ಮಾನ್ಯ ಸದಸ್ಯರು.– ಕೆರೆ ಮುಚ್ಚಿ ಸೈಟು ಕೊಡುತ್ತೀರಿ, ಸರಿ. ಕೊಕ್ಕರೆಗಳಿಗೆ ಯಾವ ಬಡಾವಣೆ, ಸ್ವಾಮಿ? (ನಗು)". ಗದ್ದಲದಲ್ಲಿ ಯಾರು ಕೂಗಿದ್ದೆಂದು ವರದಿಗಾರರಿಗೆ ತಿಳಿಯದಿದ್ದರೆ ಹೀಗೆ ಹೆಸರಿಲ್ಲದೆ ದಾಖಲಾಗುತ್ತದೆ. ಆ ಮಾತು ತಮ್ಮ ಗಂಡನದೇ ಎಂದು ಗಗನಳಿಗೆ ಹೇಳಿದ್ದವರು ಮರಿಸ್ವಾಮಿಯವರ ಹೆಂಡತಿ ಕೆಂಚಮ್ಮ. ಶಾಸಕರಾಗಿದ್ದ ಐದು ವರ್ಷದಲ್ಲಿ ಮರಿಸ್ವಾಮಿಯವರ ಹೆಸರಿನಲ್ಲಿ ನಡವಳಿಯಲ್ಲಿ ಒಂದು ಮಾತೂ ಇರಲಿಲ್ಲ.

"ಅವರ ಹೆಂಡತಿಯೇ ಹೇಳಿದ್ದಾರೆ ಮೇಡಂ."

"ಹಾಗಾದರೆ ನಡವಳಿಯನ್ನು ಇದ್ದ ಹಾಗೇ ಉಲ್ಲೇಖಿಸು. ಸಂಪುಟ, ದಿನಾಂಕ, ಪುಟ, ಒಬ್ಬ ಮಾನ್ಯ ಸದಸ್ಯರು. ಅಡಿಟಿಪ್ಪಣಿಯಲ್ಲಿ ಬೇರೆಯಾಗಿ ಸಂದರ್ಶನ ಹಾಕು, ಕೆಂಚಮ್ಮನವರ ಪ್ರಕಾರ ಅಂತ. ಎರಡನ್ನೂ ಕಲಸಿ ಒಂದು ಮಾಡಬೇಡ. ಮತ್ತೆ, ಆ ದಿನದ ನಡವಳಿಯನ್ನು ಮೊದಲ ಪುಟದಿಂದ ಓದಿದೆಯಾ?"

ಗಗನ ಓದಿರಲಿಲ್ಲ. ಬೇಕಾದ ಪುಟದ ಫೋಟೋ ತೆಗೆದುಕೊಂಡು ಬಂದಿದ್ದಳು. ಗ್ರಂಥಾಲಯಕ್ಕೆ ಹೋಗಿ ದಪ್ಪ ಸಂಪುಟವನ್ನು ಮತ್ತೆ ತೆಗೆಸಿದಳು. ಪ್ರಶ್ನೋತ್ತರ ಮುಗಿದ ಮೇಲೆ ಅರ್ಧ ಪುಟವಿತ್ತು: "ಸದನಕ್ಕೆ ಗೈರುಹಾಜರಾಗಲು ಅನುಮತಿ". ಎರಡು ಸಲ ಓದಿ, ಆ ಪುಟವನ್ನು ಜೆರಾಕ್ಸ್ ಮಾಡಿಸಿಕೊಂಡಳು.

ಮರುದಿನ ದಟ್ಟಗಳ್ಳಿಗೆ ಹೋದಾಗ ಕೆಂಚಮ್ಮ ಅಂಗಳದಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದರು.

"ಬಾ ಕಣವ್ವ. ಬಸ್ಸಲ್ಲಿ ನಿಂತ್ಕಂಡೇ ಬಂದ್ಯಾ? ಮೊದ್ಲು ಕೂತ್ಕೋ. ಅಚ್ಚಾಯ್ತಾ ಅವ್ರ ಹೆಸ್ರು?"

ಎಷ್ಟು ಸಲ ಮನಸ್ಸಿನಲ್ಲಿ ಹೊಂದಿಸಿಕೊಂಡು ಬಂದರೂ ಮಾತು ಬಾಯಿಗೆ ಬಂದದ್ದು ಮುರುಕುಮುರುಕಾಗಿ. "ಅಜ್ಜಿ, ಆವತ್ತು... ಅವರು ಸದನದಲ್ಲಿ ಇರಲಿಲ್ಲ ಅಂತ ಬರೆದಿದೆ."

ಕೆಂಚಮ್ಮನ ಕೈ ನಿಂತಿತು. ಆಮೇಲೆ ಮತ್ತೆ ಒಂದು ಕಾಯಿ ಸುಲಿದರು.

"ಇರ್ಲಿಲ್ಲ. ಅವ್ರು ಆಸ್ಪತ್ರೇಲಿದ್ರು, ನನ್ ಮಂಚದ ಪಕ್ಕ. ನಂಗೆ ಹೊಟ್ಟೆ ಆಪ್ರೇಸನ್ ಆಗಿ ಬದುಕೋದೇ ಅನುಮಾನ ಅಂದಿದ್ರು. ಕೆರೆ ವಿಷ್ಯ ಬತ್ತದೆ, ಒಂದ್ಸಲನಾದ್ರೂ ಮಾತಾಡ್ತೀನಿ ಅಂತ ನಾಕು ತಿಂಗ್ಳು ಕೂತು ಭಾಷಣ ಬರ್ದಿದ್ರು. ಮೂಗ ಎಮ್ಮೆಲ್ಲೆ ಅಂತ ಊರೋರೆಲ್ಲ ಆಡ್ಕತಿದ್ರು ಕಣವ್ವ. ಮಾರನೇ ದಿನ ನರ್ಸಮ್ಮ ಪೇಪರ್ ಓದಿ ಹೇಳುದ್ಲು, ಯಾರೋ ಕೊಕ್ಕರೆಗೆ ಯಾವ ಬಡಾವಣೆ ಅಂದ್ರಂತೆ ಅಂತ. ವಾರ್ಡಲ್ಲಿ ಎಲ್ಲಾ ನಕ್ರು. ಇವ್ರು ನಗ್ಲಿಲ್ಲ. 'ನಾನು ಬರ್ದಿದ್ದೂ ಹೆಚ್ಚೂ ಕಮ್ಮಿ ಅದೇ ಕಣೆ' ಅಂದ್ರು. ಅಷ್ಟೇ ಅಂದಿದ್ದು."

"ಆ ಬರೆದಿಟ್ಟ ಹಾಳೆ ಇದೆಯಾ ಅಜ್ಜಿ?" ಗಗನ ಆಸೆಯಿಂದ ಕೇಳಿದಳು.

"ಮಣ್ಣು ಮಾಡೋವಾಗ ಅವ್ರ ಜೇಬಿಗಿಟ್ಬುಟ್ಟೆ. ಮಾತಾಡ್ದೆ ಹೋದ್ರಲ್ಲ ಅಂತ." ಸೆರಗಿನಿಂದ ಮೂಗು ಒರೆಸಿಕೊಂಡರು. "ನನ್ನಿಂದ ಹೋದ ಮಾತು. ನಾನೇ ಕೊಟ್ಬುಡಾನ ಅನ್ನುಸ್ತು. ಸುಳ್ಳಾಡಿ ನಿನ್ ಓದಿಗೆ ಕುತ್ತು ತಂದ್ನಾ ಮಗ?"

"ಇಲ್ಲ ಅಜ್ಜಿ."

"ತೆಗುದ್ಬುಡು. ಬೇರೆಯೋರ ಮಾತು ಅವ್ರಿಗ್ಯಾಕೆ."

ಗಗನ ಚೀಲದಿಂದ ಜೆರಾಕ್ಸ್ ತೆಗೆದಳು. ತೋರಿಸಬೇಕೋ ಬೇಡವೋ ಎಂದು ಬಸ್ಸಿನುದ್ದಕ್ಕೂ ತೊಳಲಾಡಿದ್ದಳು. ಕೆಂಚಮ್ಮನಿಗೆ ಓದು ಬರುತ್ತಿರಲಿಲ್ಲ. ಗಗನಳೇ ಓದಿದಳು.

"ಮಾನ್ಯ ಸಭಾಧ್ಯಕ್ಷರು.– ಮಾನ್ಯ ಸದಸ್ಯರಾದ ಶ್ರೀ ಮರಿಸ್ವಾಮಿಯವರು ತಮ್ಮ ಧರ್ಮಪತ್ನಿಯವರ ತೀವ್ರ ಅನಾರೋಗ್ಯದ ನಿಮಿತ್ತ ಈ ಅಧಿವೇಶನಕ್ಕೆ ಗೈರುಹಾಜರಾಗಲು ಅನುಮತಿ ಕೋರಿ ಪತ್ರ ಬರೆದಿದ್ದಾರೆ. ಸದನದ ಅನುಮತಿ ಇದೆಯೇ? (ಅನುಮತಿ ನೀಡಲಾಯಿತು)."

"ಎಲ್ಲಾರ ಮುಂದೂ ಓದಿದ್ರಾ?"

"ಓದಿದ್ದಾರೆ ಅಜ್ಜಿ."

"ನಂಗೆ ಹೇಳ್ಲೇ ಇಲ್ಲ ನೋಡು, ಕಾಗದ ಬರ್ದೆ ಅಂತ." ಕೆಂಚಮ್ಮ ಮಡಿಲಿನ ಸಿಪ್ಪೆ ಕೊಡವಿದರು. "ಇದುನ್ನ ಹಾಕ್ತೀಯಾ ನಿನ್ ಬರಹದಲ್ಲಿ?"

ಸದನದಲ್ಲಿ ಆಡಿದ ಮಾತುಗಳ ಲೇಖನ ಅದು. ಬಾರದವರಿಗೆ ಅಲ್ಲಿ ಜಾಗವಿರಲಿಲ್ಲ. ಸುಳ್ಳೆಂದು ತಿಳಿದ ಮೇಲೆ ಸಂದರ್ಶನದ ಟಿಪ್ಪಣಿಗೂ ಇರಲಿಲ್ಲ. ಗಗನ ತಲೆಯಾಡಿಸಿದಳು, ಇಲ್ಲವೆಂದು.

"ಹೋಗ್ಲಿ ಬುಡು," ಎಂದು ಕೆಂಚಮ್ಮ ಅವಳ ಬೆನ್ನು ಸವರಿದರು. ಆಮೇಲೆ ಹಾಳೆಯ ಕಡೆ ಕೈಮಾಡಿ, "ಇನ್ನೊಂದ್ಸಲ ಓದವ್ವ. ನಿಧಾನಕ್ಕೆ," ಅಂದರು.