ಹಿಂದಿನ ಬಾಗಿಲ ಬೀಗಕ್ಕೆ ಯಾರ ಸಹಿ

ಸಣ್ಣಮ್ಮನ ಎಡಗೈ ಮೊಣಕೈವರೆಗೂ ಬೆಂದುಹೋಗಿತ್ತು. ಅದಕ್ಕೆ ಕಾರಣ ಹಿಂದಿನ ಬಾಗಿಲಿಗೆ ಜಡಿದಿದ್ದ ಬೀಗ ಎಂಬುದು ರೇಷ್ಮೆ ಕಾರ್ಖಾನೆಯ ಮೂವತ್ತನಾಲ್ಕು ಹೆಂಗಸರಿಗೂ ಗೊತ್ತಿತ್ತು. ಆದರೂ ಆಫೀಸಿನವರು ‘ಕೆಲಸಗಾರ್ತಿಯ ಅಜಾಗರೂಕತೆ’ ಎಂದು ಬರೆದು ಪುಸ್ತಕ ಮುಚ್ಚಿದರು. ಹಾಗೆ ಬರೆದ ಕೈಯ ಮೇಲೆ ಕುದಿಯುವ ನೀರು ಒಂದು ಹನಿ ಬಿದ್ದಿದ್ದರೂ ಆ ಪದ ಹೊಳೆಯುತ್ತಿರಲಿಲ್ಲ ಎಂದು ಅವರಲ್ಲೊಬ್ಬಳಾದ ಚಿಕ್ಕತಾಯಮ್ಮನಿಗೆ ಅನ್ನಿಸಿತು.

ನಡೆದದ್ದು ಇಷ್ಟು. ತಮಿಳುನಾಡಿಗೆ ಸೇರಿದ ಕನ್ನಡದ ಊರಾದ ತಾಳವಾಡಿಯ ಆ ಕಾರ್ಖಾನೆಯಲ್ಲಿ ಹೆಂಗಸರು ಸಾಲಾಗಿ ಕೂತು, ಕುದಿನೀರಿನ ತೊಟ್ಟಿಯಲ್ಲಿ ಗೂಡು ಬೇಯಿಸಿ ನೂಲು ತೆಗೆಯುತ್ತಿದ್ದರು. ಬಾಯ್ಲರಿನಿಂದ ಬರುವ ಹಬೆಯ ಕೊಳವೆ ಮುಂದಿನ ಬಾಗಿಲ ಪಕ್ಕದಲ್ಲೇ ಒಳಗೆ ನುಗ್ಗಿತ್ತು. ಸೋಮವಾರ ಮಧ್ಯಾಹ್ನ ಅದರ ಜೋಡಣೆ ಕಿತ್ತುಕೊಂಡು ಹಬೆ ಭುಸ್ಸೆಂದು ಚಿಮ್ಮಿತು. ಮುಂದಿನ ಬಾಗಿಲು ಕಣ್ಣಿಗೇ ಕಾಣಲಿಲ್ಲ. ಎಲ್ಲರೂ ಹಿಂದಕ್ಕೆ ಓಡಿದರು. ಹಿಂದಿನ ಬಾಗಿಲ ಮೇಲೆ ಕೆಂಪು ಬಣ್ಣದಲ್ಲಿ, ಅಪಾಯ ಬಂದಾಗ ಹೊರಗೆ ಹೋಗುವ ದಾರಿ ಎಂದು ತಮಿಳಿನಲ್ಲಿ ಚೆಂದವಾಗಿ ಬರೆದಿತ್ತು. ಅದರ ಕೆಳಗೆ ಅಂಗೈಯಗಲದ ಬೀಗ. ಬೀಗದ ಕೈ ಮೇಸ್ತ್ರಿ ಜಡೇಸ್ವಾಮಿಯ ಜೇಬಿನಲ್ಲಿ, ಜಡೇಸ್ವಾಮಿ ಬಸ್ ನಿಲ್ದಾಣದ ಟೀ ಅಂಗಡಿಯಲ್ಲಿ. ಬಾಯ್ಲರ್ ನೋಡಿಕೊಳ್ಳುವ ಮಾದು ಒದ್ದೆ ಗೋಣಿಚೀಲ ಮುಖಕ್ಕೆ ಸುತ್ತಿಕೊಂಡು ಹೋಗಿ ವಾಲ್ವ್ ತಿರುಗಿಸದಿದ್ದರೆ ಅವತ್ತು ಊರೂರಿಗೆ ಹೆಣ ಹೋಗುತ್ತಿದ್ದವು. ಆ ನೂಕುನುಗ್ಗಲಿನಲ್ಲಿ ಸಣ್ಣಮ್ಮ ಕಾಲು ಜಾರಿ ತೊಟ್ಟಿಯೊಳಕ್ಕೆ ಕೈ ಊರಿಬಿಟ್ಟಳು.

ಆ ಬಾಗಿಲಿಗೆ ಬೀಗ ಬಿದ್ದು ಮೂರು ತಿಂಗಳಾಗಿತ್ತು. ನೂಲು ಕಳ್ಳತನವಾಗುತ್ತಿದೆ ಎಂಬುದು ಮ್ಯಾನೇಜರ್ ಕೊಟ್ಟ ನೆಪ. ಯಾರ ಸೆರಗಿನಲ್ಲೂ ಒಂದೆಳೆ ನೂಲು ಸಿಕ್ಕಿದ ದಾಖಲೆ ಇರಲಿಲ್ಲ. ನಿಜ ಏನೆಂದರೆ, ಬಾಗಿಲಾಚೆಯ ಹೊಂಗೆಮರದಲ್ಲಿ ಐದು ಸೀರೆ ತೊಟ್ಟಿಲುಗಳು ತೂಗುತ್ತಿದ್ದವು. ಕೂಸು ಅತ್ತರೆ ತಾಯಂದಿರು ಎದ್ದು ಹೋಗಿ ಹಾಲೂಡಿಸಿ ಬರುತ್ತಿದ್ದರು. ಅಷ್ಟು ಹೊತ್ತು ತೊಟ್ಟಿ ಖಾಲಿ ಕೂರುವುದು ಮ್ಯಾನೇಜರಿಗೆ ಸಹಿಸಲಾಗಲಿಲ್ಲ. ಐದರಲ್ಲಿ ಒಂದು ತೊಟ್ಟಿಲು ಚಿಕ್ಕತಾಯಮ್ಮನ ಎಂಟು ತಿಂಗಳ ಮಗಳದು. ಹಬೆಯೊಳಗೆ ಬೀಗ ಹಿಡಿದು ಜಗ್ಗುತ್ತಿದ್ದಾಗ ಆಚೆಯಿಂದ ಅದರ ಅಳು ಅವಳಿಗೆ ಸ್ಪಷ್ಟವಾಗಿ ಕೇಳಿಸುತ್ತಿತ್ತು. ಆ ಅಳು ಇನ್ನೂ ಕಿವಿ ಬಿಟ್ಟು ಹೋಗಿರಲಿಲ್ಲ.

ಪಣಕಹಳ್ಳಿಯ ಕನ್ನಡ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ ಓದಿದ್ದ ಅವಳು ಅವತ್ತು ಸಂಜೆ ದೀಪ ಹಚ್ಚುವ ಮೊದಲೇ ಕಾಗದ ಬರೆಯಲು ಕೂತಳು. ಗಂಡ ಚಿಕ್ಕಯ್ಯ ಕೂಸನ್ನು ಎತ್ತಿಕೊಂಡು ಬಾಗಿಲಲ್ಲೇ ನಿಂತ.

“ಕೆಲ್ಸ ಓದ್ರೆ ಏನ್ಮಾಡೀಯ?”

“ಜೀವ ಓದ್ರೆ ಏನ್ಮಾಡ್ಲಿ, ಅದ್ನ ಯೋಳು ಮೊದ್ಲು,” ಎಂದಳು. ಚಿಕ್ಕಯ್ಯ ದೀಪ ಹಚ್ಚಿ ತಂದು ಅವಳ ಮುಂದಿಟ್ಟ. ಹೆಂಡತಿಗೆ ಇಷ್ಟು ಸಿಟ್ಟು ಬಂದದ್ದನ್ನು ಅವನು ಮದುವೆಯಾದಾಗಿನಿಂದ ನೋಡಿರಲಿಲ್ಲ.

ಕಾಗದ ಹೀಗಿತ್ತು:

‘ಕಾರ್ಖಾನೆಯ ಆಡಳಿತದವರಿಗೆ, ನೂಲು ತೆಗೆಯುವ ಕೆಲಸದ ಚಿಕ್ಕತಾಯಮ್ಮ ಬರೆದುಕೊಳ್ಳುವುದು. ನಾವು ಮೂವತ್ತನಾಲ್ಕು ಜನ ಒಳಗೆ ಕೆಲಸ ಮಾಡುವಾಗ ಹಿಂದಿನ ಬಾಗಿಲಿಗೆ ಬೀಗ ಹಾಕಿರುತ್ತದೆ. ಸೋಮವಾರ ಮಧ್ಯಾಹ್ನ ಹಬೆಯ ಕೊಳವೆ ಬಿಚ್ಚಿಕೊಂಡಾಗ ನಮಗೆ ಹೊರಗೆ ಹೋಗಲು ದಾರಿ ಇರಲಿಲ್ಲ. ಸಣ್ಣಮ್ಮನ ಕೈ ಸುಟ್ಟಿದೆ. ಕೋಣೆಯಲ್ಲಿ ಜನ ಇರುವಾಗ ಹೊರಹೋಗುವ ಬಾಗಿಲನ್ನು ಒಳಗಿನಿಂದ ಕೂಡಲೇ ತೆಗೆಯಲಾಗದಂತೆ ಭದ್ರ ಮಾಡಬಾರದು, ಅದು ಹೊರಕ್ಕೆ ತೆರೆಯುವಂತಿರಬೇಕು ಎಂದು ಕಾರ್ಖಾನೆ ಕಾಯಿದೆ ಹೇಳುತ್ತದೆ. ನಮ್ಮದು ಒಳಕ್ಕೆ ತೆರೆಯುತ್ತದೆ. ಬೀಗ ತೆಗೆಸಬೇಕು, ಬಾಗಿಲನ್ನು ಸರಿಪಡಿಸಬೇಕು, ಅದರಾಚೆ ಅರ್ಧ ದಾರಿಗೆ ಒಟ್ಟಿರುವ ಸೌದೆ ತೆಗೆಸಬೇಕು. ಏನು ಮಾಡಿದಿರಿ ಎಂದು ಬರಹದಲ್ಲಿ ತಿಳಿಸಬೇಕು.’

ಕಾಯಿದೆಯ ಮಾತು ಅವಳಿಗೆ ಸಿಕ್ಕಿದ್ದು ಕಾರ್ಖಾನೆಯ ಗೋಡೆಯಲ್ಲೇ. ಕಾಯಿದೆಯ ಸಾರಾಂಶವನ್ನು ಕೆಲಸಗಾರರ ಭಾಷೆಯಲ್ಲಿ ತೂಗುಹಾಕಬೇಕೆಂಬ ನಿಯಮಕ್ಕಾಗಿ ಯಾವತ್ತೋ ಒಂದು ಹಾಳೆ ಹಾಕಿ, ಅದರ ಮೇಲೆ ಕ್ಯಾಲೆಂಡರ್ ನೇತುಬಿಟ್ಟಿದ್ದರು. ಸಣ್ಣಮ್ಮನ ಸುದ್ದಿ ಕೇಳಲು ಆಫೀಸಿನ ಮುಂದೆ ಕಾದಿದ್ದಾಗ ಗಾಳಿಗೆ ಕ್ಯಾಲೆಂಡರ್ ಸರಿದು, ಹಿಂದಿನ ಅಕ್ಷರ ಅವಳ ಕಣ್ಣಿಗೆ ಬಿದ್ದಿತ್ತು.

ಮಂಗಳವಾರ ಬೆಳಿಗ್ಗೆ ಕಾಗದವನ್ನೂ ಅದರ ನಕಲನ್ನೂ ಗುಮಾಸ್ತ ಗುರುಸ್ವಾಮಿಯ ಮೇಜಿನ ಮೇಲಿಟ್ಟಳು. ಗುರುಸ್ವಾಮಿ ದೊಡ್ಡಗಾಜನೂರಿನವನು, ಕೆಟ್ಟವನಲ್ಲ, ಆದರೆ ಹೆದರುಪುಕ್ಕಲ.

“ಕನ್ನಡದಲ್ಲಿ ಅದೆ ಕಣವ್ವ ಇದು. ತಮಿಳಲ್ಲೋ ಇಂಗ್ಲೀಸಲ್ಲೋ ಇದ್ರೆ ತಕ್ಕೊಬೌದು.”

“ಐದು ನಿಮ್ಸ ತಡ್ವಾಗಿ ಬಂದ್ರೆ ಅರ್ಧ ದಿನ ಕೂಲಿ ಇಲ್ಲ ಅಂತ ಬಾಗ್ಲಲ್ಲಿ ಅಂಟ್ಸಿದ್ದೀರಲ್ಲ, ಅದ್ಯಾವ್ ಬಾಸೇಲದೆ ಸ್ವಾಮಿ?”

ಅದು ಕನ್ನಡದಲ್ಲಿತ್ತು, ಗುರುಸ್ವಾಮಿಯದೇ ಕೈಬರಹ. ಅವನು ಮೂಲವನ್ನು ಒಳಗಿಟ್ಟುಕೊಂಡು, ನಕಲಿನ ಮೇಲೆ ‘ಸ್ವೀಕರಿಸಿದೆ’ ಎಂಬ ಮೊಹರನ್ನೂ ತಾರೀಕನ್ನೂ ಒತ್ತಿಕೊಟ್ಟ. “ಇದ ಜೋಪಾನ್ವಾಗಿ ಮಡಿಕೊ. ನಾ ಯೋಳ್ದೆ ಅಂತ ಯಾರ್ಗೂ ಯೋಳ್ಬೇಡ,” ಎಂದು ತಗ್ಗಿದ ದನಿಯಲ್ಲಿ ಹೇಳಿದ.

ಮೂರು ದಿನ ಆಡಳಿತ ತುಟಿ ಬಿಚ್ಚಲಿಲ್ಲ. ಬೀಗ ಮಾತ್ರ ಅಲ್ಲೇ ಇತ್ತು. ಜಡೇಸ್ವಾಮಿ ದಿನಕ್ಕೆರಡು ಸಲ ಬಂದು ಅದನ್ನು ಜಗ್ಗಿ ನೋಡಿ, ಚಿಕ್ಕತಾಯಮ್ಮನ ಕಡೆ ತಿರುಗಿ ಮೀಸೆಯಡಿಯಲ್ಲೇ ನಗುತ್ತಿದ್ದ. ಸಣ್ಣಮ್ಮ ಸತ್ಯಮಂಗಲದ ಆಸ್ಪತ್ರೆಯಲ್ಲಿ ನರಳುತ್ತಿದ್ದಾಳೆ, ಇವನಿಗೆ ನಗು!

ಶುಕ್ರವಾರ ಮ್ಯಾನೇಜರ್ ಅವಳನ್ನು ಕರೆಸಿದರು. ಅವರು ಘಟ್ಟದ ಕೆಳಗಿನ ಈರೋಡು ಕಡೆಯವರು, ಕನ್ನಡ ಕೇಳಿದರೆ ತಿಳಿಯುತ್ತಿತ್ತು, ಮಾತೆಲ್ಲ ತಮಿಳಿನಲ್ಲೇ. ಅದು ಇಲ್ಲಿ ಎಲ್ಲರಿಗೂ ಅರ್ಥವಾಗುತ್ತದೆ. ಬೈಗುಳಕ್ಕೆ ಸಿದ್ಧವಾಗಿ ಹೋದವಳಿಗೆ ಕೂರಲು ಕುರ್ಚಿ ತೋರಿಸಿದರು. ಅವಳು ಕೂರಲಿಲ್ಲ.

ಕಾಗದ ಓದಿಸಿಕೊಂಡೆ, ನ್ಯಾಯವಾಗಿದೆ, ಸರಿಪಡಿಸೋಣ ಎಂದರು. ಮೇಜಿನ ಖಾನೆಯಿಂದ ಬೀಗದ ಕೈ ತೆಗೆದು ಮುಂದಿಟ್ಟರು. ಇನ್ನು ಮೇಲೆ ಇದು ನಿನ್ನ ಹತ್ತಿರವೇ ಇರಲಿ, ಅಪಾಯ ಬಂದರೆ ನೀನೇ ತೆಗೆ. ಬೆಳಿಗ್ಗೆ ಕೆಲಸ ಶುರುವಾದಾಗ ನೀನೇ ಬೀಗ ಹಾಕಬೇಕು, ಸಂಜೆ ಕೈ ತಂದು ಒಪ್ಪಿಸಬೇಕು. ಹೀಗೆ ಹೇಳಿ ಒಂದು ಉದ್ದನೆಯ ಪುಸ್ತಕವನ್ನು ಅವಳತ್ತ ತಿರುಗಿಸಿದರು. ತಾರೀಕು, ಹೊತ್ತು, ಹೆಸರು, ಸಹಿ, ಷರಾ ಎಂದು ಗೆರೆ ಎಳೆದಿತ್ತು. ಈ ಕಾರ್ಖಾನೆಯಲ್ಲಿ ಸಹಿಯಿಲ್ಲದೆ ಒಂದು ಗುಂಡುಸೂಜಿಯೂ ಅಲುಗಾಡದು ಎಂದು ಹೆಮ್ಮೆಯಿಂದ ಹೇಳಿದರು.

“ಬೀಗ ತೆಗೀರಿ ಅಂದೆ ಸಾರ್. ಕೈ ಕೊಡಿ ಅನ್ನಲಿಲ್ಲ.”

“ಎರಡೂ ಒಂದೇ ಅಲ್ಲವಾ?” ಎಂದು ಮ್ಯಾನೇಜರ್ ನಕ್ಕರು.

ಎರಡೂ ಒಂದೇ ಅಲ್ಲ ಎಂಬುದು ಅವಳಿಗೆ ಅಲ್ಲೇ ಹೊಳೆಯಿತು. ನಾಳೆ ಒಂದು ಲಡಿ ನೂಲು ಕಾಣೆಯಾದರೆ ಕೈ ಇದ್ದವಳು ಕಳ್ಳಿ. ಇನ್ನೊಂದು ಸಲ ಕೊಳವೆ ಬಿಚ್ಚಿಕೊಂಡು, ಹಬೆಯಲ್ಲಿ ಬೀಗದ ಕಿಂಡಿ ಕಾಣದೆ ತಡಕಾಡಿ, ನಾಲ್ಕು ಜನ ಸತ್ತರೆ ಬೀಗ ಹಾಕಿದ್ದವಳು ಚಿಕ್ಕತಾಯಮ್ಮ. ಪುಸ್ತಕದಲ್ಲಿ ಅವಳದೇ ಸಹಿ. ಎಂಥ ಮರ್ಯಾದಸ್ಥ ಮೋಸ! ನಾಳೆ ಬೆಳಿಗ್ಗೆ ಹೇಳುತ್ತೇನೆ ಎಂದು ಹೊರಗೆ ಬಂದಳು.

ಹೊಂಗೆಮರದಡಿ ಸಂಜೆ ಹೆಂಗಸರು ಸುತ್ತಿಕೊಂಡರು. ತೊಟ್ಟಿಲು ಕಾಯುವ ದೊಡ್ಡಮಾದಮ್ಮ ಮೊದಲು ಬಾಯಿ ತೆಗೆದಳು. “ಈಸ್ಕೊಬುಡು ಕಣ್ ತಾಯಿ. ಕೂಸ್ಗೋಳು ಗಂಟ್ಲು ಅರ್ಕತಾವೆ. ಕೈ ನಿನ್ತಾವಿದ್ರೆ ಎಲ್ರೂ ಆಲು ಕುಡ್ಸಿ ಬರ್ಬೌದು.”

“ನಿಂಗೇನ್ ಅಷ್ಟೊಂದು ಅಟ?” ಎಂದಳು ಇನ್ನೊಬ್ಬಳು.

ಚಿಕ್ಕತಾಯಮ್ಮನಿಗೂ ಆಸೆಯಾಯಿತು. ಎದೆ ಬಿಗಿದು ರವಿಕೆ ಒದ್ದೆಯಾಗುವುದು, ಒಳಗೆ ಕೂತು ಆಚೆಯ ಅಳು ಕೇಳುವುದು, ಇದೆಲ್ಲ ಒಂದು ಸಹಿಗೆ ಮುಗಿಯುತ್ತದೆ. ಮಗಳನ್ನು ಎತ್ತಿಕೊಂಡು ಹಾಲೂಡಿಸುತ್ತ ಕೂತಳು. ಆಮೇಲೆ ಅವಳ ತಲೆಯಲ್ಲಿ ಆ ಪುಸ್ತಕದ ಗೆರೆಗಳು ಒಂದೊಂದಾಗಿ ಎದ್ದು ನಿಂತವು. ಷರಾ ಎಂಬ ಕೊನೆಯ ಅಂಕಣ ಎಲ್ಲಕ್ಕಿಂತ ಅಗಲವಾಗಿತ್ತು.

ಶನಿವಾರ ಬೆಳಿಗ್ಗೆ ಆಫೀಸಿಗೆ ಹೋಗಿ, ಎಂಟು ಗಂಟೆ ಎಂದು ಬರೆದು ಸಹಿ ಹಾಕಿ ಬೀಗದ ಕೈ ಪಡೆದಳು. ಮ್ಯಾನೇಜರಿಗೆ ಸಂತೋಷವಾಯಿತು. ಅವಳು ನೆಟ್ಟಗೆ ಹಿಂದಿನ ಬಾಗಿಲಿಗೆ ಹೋಗಿ ಬೀಗ ತೆಗೆದಳು. ಮತ್ತೆ ಹಾಕಲಿಲ್ಲ. ಬೀಗವನ್ನೂ ಕೈಯನ್ನೂ ಸೆರಗಿನಲ್ಲಿ ಹಿಡಿದುಕೊಂಡು ಆಫೀಸಿಗೆ ವಾಪಸ್ಸು ಬಂದಳು. ಹಿಂದೆಯೇ ಒಬ್ಬೊಬ್ಬರಾಗಿ ಹೆಂಗಸರು ಬಂದು ಬಾಗಿಲಲ್ಲಿ ಗುಂಪುಗೂಡಿದರು. ಮಾದುವೂ ಬಂದ.

ಅವಳು ಪುಸ್ತಕ ಎಳೆದುಕೊಂಡು ಎಂಟು ಗಂಟೆ ಹತ್ತು ನಿಮಿಷ ಎಂದು ಬರೆದಳು, ಸಹಿ ಹಾಕಿದಳು. ಷರಾದ ಜಾಗದಲ್ಲಿ ದುಂಡಗೆ ಬರೆದಳು: ‘ಬೀಗ ಮತ್ತು ಕೈ ಎರಡನ್ನೂ ಒಪ್ಪಿಸಿದ್ದೇನೆ. ಬಾಗಿಲಿಗೆ ಬೀಗ ಇಲ್ಲ. ನಾವು ಒಳಗಿರುವಾಗ ಮತ್ತೆ ಬೀಗ ಹಾಕುವವರು ಕೆಳಗೆ ಹೆಸರು ಬರೆದು ಸಹಿ ಹಾಕಬೇಕು.’ ಬರೆದದ್ದನ್ನು ಎಲ್ಲರಿಗೂ ಕೇಳುವಂತೆ ಓದಿದಳು. ರವಿಕೆಯೊಳಗಿಂದ ಮೊಹರು ಬಿದ್ದ ನಕಲು ತೆಗೆದು ಪುಸ್ತಕದ ಪಕ್ಕದಲ್ಲಿ ಹರಡಿ, ಅದರ ಮೇಲೆ ಅಂಗೈ ಊರಿ ನಿಂತಳು.

“ಇದ್ರ ಇನ್ನೊಂದ್ ನಕ್ಲು ನೆನ್ನೆ ಈರೋಡಿನ ಪ್ಯಾಕ್ಟ್ರಿ ಇನ್ಸ್‌ಪೆಕ್ಟ್ರಿಗೆ ರಿಜಿಸ್ಟ್ರು ಪೋಸ್ಟಲ್ಲಿ ಓಗ್ಯದೆ ಸಾರ್. ರಸೀತಿ ನಮ್ ಮನೇಲದೆ.”

ಮ್ಯಾನೇಜರ್ ಮುಖ ಕಪ್ಪಿಟ್ಟಿತು. ಜಡೇಸ್ವಾಮಿಯ ಕಡೆ ತಿರುಗಿ, ಹೋಗಿ ಬೀಗ ಹಾಕು ಎಂದು ಗದರಿದರು. ಜಡೇಸ್ವಾಮಿ ಬೀಗಕ್ಕೆ ಕೈ ಹಾಕಿದ. ಚಿಕ್ಕತಾಯಮ್ಮ ಪೆನ್ನನ್ನು ಅವನ ಮುಂದೆ ಹಿಡಿದಳು.

“ಆಕಿ ಬುದ್ಧಿ. ಮೊದ್ಲು ಸಯ್ಯಿ ಆಕಿ.”

ಮೂರು ತಿಂಗಳು ದಿನಕ್ಕೆರಡು ಸಲ ಬೀಗ ಜಗ್ಗಿ ನೋಡಿದ ಕೈ ಅಲ್ಲೇ ನಿಂತಿತು. “ನಾನ್ಯಾಕ್ ಸಾರ್ ಆಕ್ಲಿ?” ಎಂದು ಜಡೇಸ್ವಾಮಿ ಹಿಂದೆ ಸರಿದ. “ನೀವ್ ಆಕು ಅಂದ್ರಿ, ನಾ ಆಕ್ದೆ. ಈರೋಡ್ನೋರು ಬಂದು ನೋಡ್ದಾಗ ನನ್ನೊಬ್ಬುನ್ ಎಸ್ರಿದ್ರೆ? ನೀವೇ ಆಕ್ಬುಡಿ.”

ಮ್ಯಾನೇಜರ್ ಗುರುಸ್ವಾಮಿಯನ್ನು ನೋಡಿದರು. ಗುರುಸ್ವಾಮಿ ಬಾಗಿ ಮೇಜಿನ ಕೆಳಗೆ ಏನನ್ನೋ ಹುಡುಕತೊಡಗಿದ. ಪೆನ್ನು ಈಗ ಮ್ಯಾನೇಜರ್ ಎದುರಿಗಿತ್ತು. ಸಣ್ಣಮ್ಮನ ಕೈ ಸುಟ್ಟದ್ದಕ್ಕೆ ‘ಅಜಾಗರೂಕತೆ’ ಎಂದು ಬರೆದು ಕೆಳಗೆ ಸೊಗಸಾಗಿ ಸಹಿ ಮಾಡಿದ್ದವರು ಇವರೇ. ಅವರು ಪೆನ್ನು ಮುಟ್ಟಲಿಲ್ಲ. ಎಲ್ಲರೂ ಕೆಲಸಕ್ಕೆ ಹೋಗಿ, ಹೊತ್ತಾಯಿತು ಎಂದು ಮಾತ್ರ ಅಂದರು.

“ಯಾರೂ ಆಕಕ್ಕಿಲ್ವ?” ಎಂದು ಚಿಕ್ಕತಾಯಮ್ಮ ಕೇಳಿದಳು. ದನಿ ಅವಳಿಗೇ ಗೊತ್ತಿಲ್ಲದಂತೆ ಏರಿತು, ಕಣ್ಣಲ್ಲಿ ನೀರು ಬಂತು. “ಮೂವತ್ನಾಕ್ ಜನಾವ ಕೂಡಾಕುವಾಗ ಯಾರ್ಗೂ ಬಯ ಇರ್ನಿಲ್ಲ. ಒಂದ್ ಸಯ್ಯಿ ಆಕಕ್ಕೆ ಇಷ್ಟ್ ಬಯವ ಸ್ವಾಮಿ?”

ಬೀಗ ಮೇಜಿನ ಮೇಲೆ ಬಾಯಿ ತೆರೆದುಕೊಂಡು ಬಿದ್ದಿತ್ತು. ಹೊರಗಡೆ ಒಂದು ಕೂಸು ಅತ್ತಿತು. ಅದು ಯಾರದೆಂದು ಹೆಂಗಸರಿಗೆಲ್ಲ ದನಿಯಲ್ಲೇ ತಿಳಿಯಿತು. ಚಿಕ್ಕತಾಯಮ್ಮ ನಕಲನ್ನು ಮಡಿಸಿಕೊಂಡು, ಮ್ಯಾನೇಜರ್ ಅಪ್ಪಣೆಗೆ ಕಾಯದೆ, ಕಾರ್ಖಾನೆಯ ನಡುವೆ ತೊಟ್ಟಿಗಳ ಸಾಲು ದಾಟಿ ಹಿಂದಿನ ಬಾಗಿಲಿಂದಲೇ ಮಗಳ ಹತ್ತಿರ ಹೋದಳು.