ಮೂರನೇ ಸಲದ ಮರೆವು

ನನಗೆ ಸಿಟ್ಟು ಬಂದರೆ ಅಳು ಬಂದುಬಿಡುತ್ತದೆ. ಇದನ್ನು ಡೈರಿಯಲ್ಲಲ್ಲದೆ ಬೇರೆಲ್ಲೂ ಒಪ್ಪಿಕೊಂಡಿಲ್ಲ. ಬೇರೆಯವರಿಗೆ ಸಿಟ್ಟು ಬಂದರೆ ದನಿ ಏರುತ್ತದೆ, ಮೇಜು ಕುಟ್ಟುತ್ತಾರೆ, ಎದುರಿಗಿದ್ದವರು ಹೆದರುತ್ತಾರೆ. ನನಗೆ ಗಂಟಲು ಕಟ್ಟಿ ಕಣ್ಣು ತುಂಬಿ ಬರುತ್ತದೆ, ಎದುರಿಗಿದ್ದವರು ನೀರು ತಂದುಕೊಡುತ್ತಾರೆ. ಹಾಗಾಗಿ ಸಿಟ್ಟು ಬರುವ ಸೂಚನೆ ಕಂಡ ಕೂಡಲೇ ತಲೆ ತಗ್ಗಿಸಿ ಕೀಬೋರ್ಡ್ ಒರೆಸುವುದು ಅಭ್ಯಾಸವಾಗಿದೆ. ಶಾಲೆಯ ಕಚೇರಿಯಲ್ಲಿ ನನ್ನ ಕೀಬೋರ್ಡಿನಷ್ಟು ಸ್ವಚ್ಛವಾದದ್ದು ಇನ್ನೊಂದಿಲ್ಲ.

ನನ್ನ ಕೆಲಸ ಕಚೇರಿಗೆ ಬರುವ ಮೇಲ್‌ಗಳಿಗೆ ಉತ್ತರಿಸುವುದು. ಪದವಿ ಮುಗಿಸಿದವಳಿಗೆ ಇದು ದೊಡ್ಡ ಕೆಲಸವಲ್ಲ ಎಂದು ಅಮ್ಮ ಹೇಳುತ್ತಾಳೆ. ಬಾಯಿ ತೆರೆಯದೆ ದಿನ ಕಳೆಯಬಹುದಾದ ಕೆಲಸ ಬೇರೆ ಎಲ್ಲಿದೆ ಎಂದು ನಾನು ಕೇಳುವುದಿಲ್ಲ.

ಗುರುವಾರ ಬೆಳಿಗ್ಗೆ ಬಂದು ಕೂತಾಗ ರಾತ್ರಿ ಬಂದಿದ್ದ ಒಂದು ಮೇಲ್ ಮೇಲ್ಗಡೆಯೇ ಇತ್ತು.

"ಮಾನ್ಯರೇ, ನನ್ನ ಮಗಳು ಏಳನೇ ತರಗತಿ ಬಿ ವಿಭಾಗ. ಶಾಲೆಯ ನೆಟ್‌ವರ್ಕ್ ಲಾಗಿನ್ ಮತ್ತೆ ಮರೆತುಬಿಟ್ಟಿದ್ದಾಳೆ. ಇದು ಮೂರನೇ ಸಲ ಎಂದು ಗೊತ್ತು, ಬರೆಯಲು ನಾಚಿಕೆಯಾಗುತ್ತದೆ. ಮನೆಯಲ್ಲಿ ಸರಿಯಾಗಿ ಬೈದಿದ್ದೇನೆ. ಶುಕ್ರವಾರ ಸಂಜೆಯೊಳಗೆ ವಿಜ್ಞಾನದ ಪ್ರಾಜೆಕ್ಟ್ ಅದರಲ್ಲೇ ಸಲ್ಲಿಸಬೇಕಂತೆ. ಮಾಡಿದ್ದೆಲ್ಲ ಒಳಗೇ ಇದೆ. ದಯವಿಟ್ಟು ಪಾಸ್‌ವರ್ಡ್ ಏನೆಂದು ನೋಡಿ ತಿಳಿಸಿ."

ನೋಡಿ ತಿಳಿಸಿ. ಎಲ್ಲ ತಂದೆತಾಯಿಗಳೂ ಹೀಗೇ ಬರೆಯುತ್ತಾರೆ. ಮಕ್ಕಳ ಪಾಸ್‌ವರ್ಡುಗಳನ್ನೆಲ್ಲ ನಾವು ಬೀರುವಿನಲ್ಲಿ ಜೋಡಿಸಿಟ್ಟಿದ್ದೇವೆ ಎಂದುಕೊಂಡಿರುತ್ತಾರೆ. ನಿಜವಾಗಿ ಅದು ನಮಗೂ ಕಾಣುವುದಿಲ್ಲ, ಯಾರಿಗೂ ಕಾಣುವುದಿಲ್ಲ. ಹಳೆಯದನ್ನು ತೆಗೆದುಹಾಕಿ ಹೊಸದೊಂದು ಕೊಡಬಹುದು, ಅಷ್ಟೇ.

ಮೇಲ್ ಬಂದ ವಿಳಾಸವೂ ದಾಖಲೆಯಲ್ಲಿ ತಾಯಿಯ ಹೆಸರಿನ ಮುಂದಿರುವ ವಿಳಾಸವೂ ಒಂದೇ ತಾನೇ ಎಂದು ಮೊದಲು ನೋಡಿಕೊಂಡೆ. ಬೇರೆ ವಿಳಾಸದಿಂದ ಬಂದರೆ ಕೊಡುವ ಹಾಗಿಲ್ಲ. ಒಂದೇ ಇತ್ತು. ಹುಡುಗಿಯ ಖಾತೆ ತೆರೆದೆ. ತಪ್ಪು ಪಾಸ್‌ವರ್ಡ್ ಹಾಕಿ ಹಾಕಿ ಖಾತೆ ಲಾಕ್ ಆಗಿತ್ತು. ಅದರ ಕೆಳಗೆ, ಪಾಸ್‌ವರ್ಡ್ ಕೊನೆಯದಾಗಿ ಬದಲಾದದ್ದು ಮಂಗಳವಾರ, ಮಧ್ಯಾಹ್ನದ ಊಟಕ್ಕೆ ಮುಂಚೆ. ಬದಲಾಯಿಸಿದವರು, ಬಳಕೆದಾರರೇ. ಎಲ್ಲಿಂದ, ಶಾಲೆಯ ಕಂಪ್ಯೂಟರ್ ಲ್ಯಾಬ್.

ಓಹೋ, ತಾನೇ ಬದಲಾಯಿಸಿ ತಾನೇ ಮರೆತಿದ್ದಾಳೆ ಎಂದುಕೊಂಡೆ. ರೀಸೆಟ್ ಒತ್ತಲು ಕೈ ಹೋಗಿತ್ತು. ಅಷ್ಟರಲ್ಲಿ ಬೆನ್ನ ಹಿಂದೆ ಗುಡುಗು.

ಗುಡುಗು ಎಂದರೆ ನಮ್ಮ ಮ್ಯಾನೇಜರ್. ಹೆಸರಿಟ್ಟದ್ದು ಮಕ್ಕಳು, ಬಳಸುವುದು ಎಲ್ಲರೂ. ಮೂರು ಕೋಣೆ ಆಚೆ ಅವರು ಸೀನಿದರೂ ಇಲ್ಲಿ ಪೆನ್ನು ಉರುಳುತ್ತದೆ.

"ಏನಮ್ಮಾ, ಮತ್ತೆ ಆ ಮರೆಗುಳೀನಾ? ಮೂರನೇ ಸಲ ಅಲ್ವಾ?"

"ಹೌದು ಸಾರ್."

"ಹಾಗಾದ್ರೆ ರೀಸೆಟ್ ಗೀಸೆಟ್ ಏನಿಲ್ಲ. ಮೂರು ಸಲ ಮರೆತ್ರೆ ಈ ಟರ್ಮ್ ಪೂರ್ತಿ ಖಾತೆ ಬಂದ್. ಬೋರ್ಡ್ ಮೇಲೆ ಹಾಕಿದೀವಿ, ಸುಮ್ಮನೆ ಹಾಕಿದೀವಾ? ಬರಿ."

"ಸಾರ್, ನಾಳೆ ಪ್ರಾಜೆಕ್ಟ್..."

"ಏನು? ಕೇಳಿಸ್ಲಿಲ್ಲ."

ಅವರಿಗೆ ನಾನು ಹೇಳಿದ್ದು ಯಾವತ್ತೂ ಕೇಳಿಸಿಲ್ಲ. ಅವರು ಹೇಳುತ್ತಾ ಹೋದರು, ನಾನು ಟೈಪ್ ಮಾಡುತ್ತಾ ಹೋದೆ. "ನಿಮ್ಮ ಮಗಳ ಅಜಾಗರೂಕತೆಯನ್ನು ಗಮನಿಸಿ" ಎಂಬ ಸಾಲು ಬಂದಾಗ ಬೆರಳು ನಿಂತಿತು. ಅವರ ಬೆರಳು ನನ್ನ ಪರದೆಯ ಮೇಲೆ ಬಂದು ಕುಕ್ಕಿತು. ಅಜಾಗರೂಕತೆ ಎಂದು ಬರೆದೆ. ಕೆಳಗೆ ಎಂದಿನಂತೆ "ಶಾಲಾ ಕಚೇರಿ". ನನ್ನ ಹೆಸರು ಎಲ್ಲೂ ಇರುವುದಿಲ್ಲ. ಕಳುಹಿಸಿದೆ. ಆಮೇಲೆ ಬಹಳ ಹೊತ್ತು ಕೀಬೋರ್ಡ್ ಒರೆಸಿದೆ.

ನನ್ನ ಸಿಟ್ಟಿಗೆ ಇನ್ನೊಂದು ಕಾರಣವಿತ್ತು. ರೀಸೆಟ್ ಮಾಡುವ ಜಾಗದಲ್ಲಿ ಒಂದು ಸಣ್ಣ ಚೌಕವಿದೆ. ಅದಕ್ಕೆ ಗುರುತು ಹಾಕಿದರೆ, ಮಗು ಮುಂದಿನ ಸಲ ಒಳಗೆ ಹೋಗುವಾಗ ತನ್ನದೇ ಹೊಸ ಪಾಸ್‌ವರ್ಡ್ ಇಟ್ಟುಕೊಳ್ಳಲೇಬೇಕು. ಗುಡುಗು ಆ ಗುರುತನ್ನು ತೆಗೆಸಿದ್ದರು. "ಮಕ್ಕಳು ತಮಗೆ ಬೇಕಾದ್ದು ಇಟ್ಕೊಂಡು ಮರೀತವೆ, ಫೋನ್ ಎತ್ತಿ ಎತ್ತಿ ನನ್ನ ಕಿವಿ ಬಿದ್ದುಹೋಗುತ್ತೆ" ಎಂದು. ಅದರ ಬದಲು ಎಲ್ಲರಿಗೂ ಒಂದೇ ಅಚ್ಚು. ಲಾಗಿನ್ ಎಂದರೆ ಪ್ರವೇಶ ಸಂಖ್ಯೆ. ಪಾಸ್‌ವರ್ಡ್ ಎಂದರೆ ಅದೇ ಸಂಖ್ಯೆ, ಅದರ ಮುಂದೆ ಶಾಲೆಯ ಹೆಸರು. ಜೊತೆಗೆ ಪ್ರತಿ ಉತ್ತರದಲ್ಲೂ ಒಂದು ಸಾಲು: ದಯವಿಟ್ಟು ಇದನ್ನು ಬದಲಾಯಿಸಬೇಡಿ. ಇದು ಸರಿಯಲ್ಲ ಸಾರ್ ಎಂದು ಆಗಲೇ ಹೇಳಿದ್ದೆ. ಅದೂ ಕೇಳಿಸಿರಲಿಲ್ಲ.

ಶುಕ್ರವಾರ ಮೊದಲ ಗಂಟೆ ಹೊಡೆಯುವ ಮುಂಚೆಯೇ ಆ ತಾಯಿ ಬಂದರು. ಹೊಲಿಗೆ ಕೆಲಸದವರು. ಸೂಜಿ ಚುಚ್ಚಿದ ಪುಟ್ಟ ದಿಂಬು ಮಣಿಕಟ್ಟಿನಲ್ಲಿ ಹಾಗೇ ಇತ್ತು, ಅರ್ಧ ಕೆಲಸ ಬಿಟ್ಟು ಬಂದ ಹಾಗೆ. ಹಿಂದೆ ಹುಡುಗಿ. ಎರಡು ಜಡೆ, ಕೊರಳಲ್ಲಿ ಗುರುತಿನ ಚೀಟಿ, ಅತ್ತು ಊದಿದ ಕಣ್ಣು. ಆ ಕಣ್ಣನ್ನು ನೋಡಿದ ಕೂಡಲೇ ಇವಳೂ ನನ್ನ ಜಾತಿಯವಳೇ ಅನ್ನಿಸಿತು.

"ಈ ಕಾಗದ ಬರೆದವರು ಯಾರು?" ತಾಯಿ ಫೋನನ್ನು ಕೌಂಟರ್ ಮೇಲೆ ಇಟ್ಟರು. "ಅಜಾಗರೂಕತೆ ಅಂತೆ. ಯಾರ್ರೀ ಅದು ಶಾಲಾ ಕಚೇರಿ? ಮುಖ ತೋರಿಸಿ ನೋಡೋಣ."

ನನ್ನ ಮುಖ ಪರದೆಯ ಹಿಂದೆ ಇತ್ತು. ಗುಡುಗು ಎದ್ದು ಬಂದರು.

"ಏನಮ್ಮಾ, ನಿಯಮ ನಿಯಮಾನೇ. ಒಂದ್ಸಲ ಮರೆತ್ರೆ ಮಗು, ಎರಡ್ಸಲ ಮರೆತ್ರೆ ತಮಾಷೆ, ಮೂರ್ ಸಲ ಅಂದ್ರೆ ಕೊಬ್ಬು." ಆಮೇಲೆ ಹುಡುಗಿಯ ಕಡೆ ಬಗ್ಗಿ, "ಏನೇ, ಊಟ ಮಾಡೋದೂ ಮರೀತೀಯಾ? ಮನೆ ದಾರಿ ನೆನಪಿದೆ ತಾನೇ?"

ಹುಡುಗಿ ತಾಯಿಯ ಹಿಂದೆ ಸರಿದಳು.

"ನೋಡಿ ಸ್ವಾಮಿ," ತಾಯಿಯ ದನಿ ಹರಿತವಾಯಿತು, "ಇವಳಿಗೆ ಬೈಯೋಕೆ ನಾನಿದೀನಿ. ನಿನ್ನೆ ರಾತ್ರಿ ಇಡೀ ಬೈದಿದೀನಿ. ನಿಮ್ಮ ಪಾಲಿಂದು ಬೇಡ."

"ಹಾಗಾದ್ರೆ ಮನೇಲಿ ಇನ್ನೊಂದು ಸ್ವಲ್ಪ ಬೈದಿದ್ರೆ ಇಲ್ಲಿಗೆ ಬರೋ ಕಷ್ಟ ತಪ್ತಿತ್ತು."

"ಅಮ್ಮಾ, ನಾನು ಮರೆತಿಲ್ಲ," ಹುಡುಗಿ ಹೇಳಿದಳು. ಅವಳ ದನಿ ನನ್ನ ದನಿಯಷ್ಟೇ ಇತ್ತು. ಕೌಂಟರ್ ದಾಟಿ ಬರುವಷ್ಟರಲ್ಲಿ ಮುಗಿದುಹೋಗುವಂಥದ್ದು. "ಇವರು ಕೊಟ್ಟಿದ್ದೇ ಹಾಕ್ದೆ. ಅದು ಒಳಗೆ ಬಿಡ್ಲಿಲ್ಲ."

"ಮತ್ತೆ ಅದೇ ಸುಳ್ಳು!" ತಾಯಿ ಅವಳ ತೋಳು ಹಿಡಿದು ಅಲುಗಿಸಿದರು. "ನೀನು ಬದಲಾಯಿಸದೆ ಅದು ತಾನೇ ಬದಲಾಗುತ್ತಾ? ಅದೇನು ಕಾಲಿರೋ ವಸ್ತುವಾ?"

"ಬದಲಾಯಿಸಬೇಡಿ ಅಂತ ಇವರೇ ಬರೆದಿದ್ರಲ್ಲಮ್ಮ. ನಾನು ಬದಲಾಯಿಸಿಲ್ಲ."

"ಕಂಪ್ಯೂಟರ್ ಸುಳ್ಳು ಹೇಳಲ್ಲಮ್ಮಾ," ಎಂದರು ಗುಡುಗು, ನನ್ನ ಕಡೆ ತಿರುಗಿ. "ಏನು ತೋರಿಸುತ್ತೆ ಹೇಳು ಇವರಿಗೆ. ಯಾರು ಬದಲಾಯಿಸಿದ್ದು?"

ನಾನು ಪರದೆ ನೋಡಿದೆ. ಹುಡುಗಿಯ ಖಾತೆ ಮತ್ತೆ ತೆರೆದೆ. "ಬಳಕೆದಾರರೇ," ಎಂದೆ. "ಮಂಗಳವಾರ. ಲ್ಯಾಬಲ್ಲಿ."

"ಕೇಳಿಸ್ತಾ?"

ತಾಯಿಗೆ ಕೇಳಿಸಿತು. ಅವರ ಕೈ ಮಗಳ ತೋಳಿನಿಂದ ಜಾರಿತು. ಬೈಗುಳ ಬರುತ್ತದೆ ಎಂದು ಹುಡುಗಿ ಕಣ್ಣು ಮುಚ್ಚಿಕೊಂಡಳು. ಬರಲಿಲ್ಲ.

"ಮಂಗಳವಾರನಾ?" ತಾಯಿ ನಿಧಾನವಾಗಿ ಕೇಳಿದರು. "ಮಂಗಳವಾರ ಇವಳು ಶಾಲೆಗೇ ಬಂದಿಲ್ಲ. ಜ್ವರ ಬಂದು ನನ್ನ ಮಷಿನ್ ಪಕ್ಕ ಚಾಪೆ ಹಾಕ್ಕೊಂಡು ಮಲಗಿದ್ಲು. ಗಂಜಿ ಕುಡಿಸಿದ್ದು ನಾನೇ."

"ಬುಧವಾರ ಇರ್ಬೇಕು," ಎಂದರು ಗುಡುಗು.

"ಜ್ವರ ನಂದಲ್ಲ, ನನ್ನ ಮಗಳದ್ದು. ಯಾವತ್ತು ಅಂತ ನನಗೆ ಗೊತ್ತಿರುತ್ತೆ."

"ಸರಿ ಬಿಡಿ, ಮಷಿನ್ನು ಅಲ್ವಾ, ದಿನ ಹೆಚ್ಚುಕಮ್ಮಿ ತೋರಿಸಿರುತ್ತೆ. ಏನಮ್ಮಾ?" ಎಂದು, ತಲೆಯಾಡಿಸುವಂತೆ ನನಗೆ ಕಣ್ಣಲ್ಲೇ ಸನ್ನೆ ಮಾಡಿದರು. ಈಗಷ್ಟೇ ಸುಳ್ಳು ಹೇಳದಿದ್ದ ಕಂಪ್ಯೂಟರ್ ಇವರಿಗೆ ಬೇಕಾದಾಗ ಲೆಕ್ಕ ತಪ್ಪಬೇಕು.

ನಾನು ತಲೆಯಾಡಿಸಲಿಲ್ಲ. ಕೈ ತಾನಾಗಿ ಒರೆಸುವ ಬಟ್ಟೆಯ ಕಡೆ ಹೋಯಿತು. ಅದನ್ನು ಡ್ರಾಯರಿಗೆ ತುರುಕಿದೆ.

ಹುಡುಗಿ ಕೊರಳ ಚೀಟಿಯನ್ನು ಬೆರಳಲ್ಲಿ ತಿರುಗಿಸುತ್ತಾ ನಿಂತಿದ್ದಳು. ಒಂದು ಕಡೆ ಫೋಟೋ. ಫೋಟೋದ ಕೆಳಗೆ ದಪ್ಪ ಅಕ್ಷರದಲ್ಲಿ ಪ್ರವೇಶ ಸಂಖ್ಯೆ. ಅದರ ಮೇಲೆ ಇನ್ನೂ ದಪ್ಪ ಅಕ್ಷರದಲ್ಲಿ ಶಾಲೆಯ ಹೆಸರು. ಬೆಳಿಗ್ಗೆಯಿಂದ ಸಂಜೆವರೆಗೆ ಇಡೀ ತರಗತಿ ನೋಡುವ ಚೀಟಿ. ಪಕ್ಕದಲ್ಲಿ ಕೂತವರಿಗೆ ಬಾಯಿಪಾಠ ಬರುವಂಥದ್ದು. ಇವಳು ಮಲಗಿದ್ದ ದಿನ ಯಾರೋ ಇವಳಾಗಿ ಒಳಗೆ ಹೋಗಿ, ಬಾಗಿಲಿಗೆ ತಮ್ಮ ಬೀಗ ಹಾಕಿ ಬಂದಿದ್ದರು. ಹಿಂದಿನ ಎರಡು ಸಲವೂ ಹೀಗೇ ಆಗಿತ್ತೋ ಏನೋ. ಆ ಎರಡು ಸಲವೂ ಇವಳು ಬೈಸಿಕೊಂಡಿದ್ದಳು. ಇವತ್ತು ಸಂಜೆ ಸೊನ್ನೆ ಬರುವುದೂ ಇವಳಿಗೇ.

ಸಿಟ್ಟು ಬಂತು. ಗೊತ್ತಿದ್ದ ದಾರಿಯಲ್ಲೇ ಬಂತು, ಗಂಟಲಿಗೆ, ಮೂಗಿಗೆ, ಕಣ್ಣಿಗೆ. ಬರಲಿ ಎಂದುಕೊಂಡೆ.

ಖಾತೆಯ ಲಾಕ್ ತೆಗೆದೆ. ಅಚ್ಚಿಗೆ ಸೇರದ, ಯಾವ ಚೀಟಿಯಲ್ಲೂ ಇಲ್ಲದ ಒಂದು ಪಾಸ್‌ವರ್ಡ್ ಹಾಕಿದೆ. ಆ ಸಣ್ಣ ಚೌಕಕ್ಕೆ ಗುರುತು ಹಾಕಿದೆ.

"ಏ, ಏನ್ ಮಾಡ್ತಿದೀಯ? ನಾನು ಬಂದ್ ಅಂದಿದ್ದಲ್ವಾ?" ಗುಡುಗಿನ ಸದ್ದಿಗೆ ಕಾರಿಡಾರಿನಲ್ಲಿ ಹೋಗುತ್ತಿದ್ದ ಮಕ್ಕಳು ಬಾಗಿಲಲ್ಲಿ ನಿಂತು ಇಣುಕಿದವು.

ಪಾಸ್‌ವರ್ಡನ್ನು ಚೂರು ಕಾಗದದಲ್ಲಿ ಬರೆದು, ಮಡಿಸಿ, ಹುಡುಗಿಯ ಕೈಗೇ ಕೊಟ್ಟೆ. ತಾಯಿಗೂ ಕೊಡಲಿಲ್ಲ. ಅವಳು ಅದನ್ನು ಮುಷ್ಟಿಯಲ್ಲಿ ಬಿಗಿಹಿಡಿದುಕೊಂಡಳು.

"ಮೊದಲು ಒಳಗೆ ಹೋಗು," ಎಂದೆ ಅವಳಿಗೆ. "ಅದು ಹೊಸದು ಕೇಳುತ್ತೆ. ನಿಂಗೆ ಮಾತ್ರ ಗೊತ್ತಿರೋದು ಇಡು. ಹೆಸರು, ನಂಬರ್, ಹುಟ್ಟಿದ ದಿನ ಬೇಡ. ಅಮ್ಮ ಕೇಳಿದ್ರೂ ಹೇಳ್ಬೇಡ."

ತಾಯಿ ಮಗಳ ತೋಳಿನಲ್ಲಿ ತಾವು ಹಿಡಿದಿದ್ದ ಜಾಗವನ್ನು ಹೆಬ್ಬೆರಳಿನಿಂದ ಸವರಿದರು.

"ನಾನು ಕೇಳ್ತಿರೋದು ನಿನ್ನ," ಎಂದರು ಗುಡುಗು. "ಬಾಯಿಲ್ವಾ? ಏನಿದು? ಅಳ್ತಿದೀಯಾ? ಯಾರಾದ್ರೂ ಒಂದು ಲೋಟ ನೀರು ತನ್ನಿ ಇವಳಿಗೆ."

"ನೀರು ಬೇಡ ಸಾರ್," ಎಂದೆ. ಎದ್ದು ನಿಂತೆ. ಕಣ್ಣೀರು ಗಲ್ಲದವರೆಗೆ ಇಳಿದಿತ್ತು, ಒರೆಸಿಕೊಳ್ಳಲಿಲ್ಲ. ಪರದೆಯನ್ನು ಎರಡೂ ಕೈಯಲ್ಲಿ ಹಿಡಿದು ಅವರೆಲ್ಲರ ಕಡೆ ತಿರುಗಿಸಿದೆ. ಬಾಗಿಲಲ್ಲಿದ್ದ ಕೊನೆಯ ಮಗುವಿಗೂ ಕೇಳಿಸುವ ಹಾಗೆ ಹೇಳಿದೆ:

"ಇವಳು ಮರೆತಿಲ್ಲ ಸಾರ್. ಇವಳ ಪಾಸ್‌ವರ್ಡನ್ನ ನಾವೇ ಇವಳ ಕೊರಳಿಗೆ ತಗುಲಿಹಾಕಿ ಊರಿಗೆಲ್ಲ ತೋರಿಸಿದೀವಿ."